ಡ್ರೋನ್ ಕೆಲಸದ ಜಾಹೀರಾತುಗಳನ್ನು ಎಣಿಸಿದ್ದು

ತೊರವಿಯ ಹೊರಗಿದ್ದ ನಮ್ಮ ತರಬೇತಿ ಕೇಂದ್ರದ ಮುಖ್ಯಸ್ಥರಿಗೆ ಓದುವ ಅಭ್ಯಾಸವಿರಲಿಲ್ಲ, ಫ್ಲೆಕ್ಸ್ ಹಾಕಿಸುವ ಚಟವಿತ್ತು. ಡ್ರೋನ್‌ನಿಂದ ದ್ರಾಕ್ಷಿಗೆ ಔಷಧ ಹೊಡೆಯುವ ಕೆಲಸ ನಮ್ಮ ಕಡೆ ಆಗಷ್ಟೇ ಶುರುವಾಗಿತ್ತು. ಯಾವುದೋ ಒಂದು ಜಾಹೀರಾತಿನಲ್ಲಿ ಕೋಡಿಂಗ್ ಎಂಬ ಪದ ಕಂಡದ್ದೇ ತಡ, ‘ಡ್ರೋನ್ ಕೋಡಿಂಗ್ ಕೋರ್ಸ್’ ಎಂದು ಗೇಟಿಗೆ ಫ್ಲೆಕ್ಸ್ ಕಟ್ಟಿಸಿದರು. ಅದರಲ್ಲಿ ಡ್ರೋನ್‌ಗಿಂತ ಅವರ ಮುಖವೇ ದೊಡ್ಡದಿತ್ತು.

ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನನಗೆ ಇಂಥವರನ್ನು ಕಂಡರೆ ಮೈ ಉರಿಯುತ್ತದೆ. ಒಂದೇ ಜಾಹೀರಾತು ನೋಡಿ ಹೊಸ ಕೆಲಸಕ್ಕೆ ಏನು ಬೇಕೆಂದು ಹೇಳಲಾಗದು. ಅಂಥ ನೂರಾರು ಜಾಹೀರಾತುಗಳನ್ನು ಕೂಡಿಸಿ, ಯಾವ ಕೌಶಲವನ್ನು ಎಷ್ಟು ಮಂದಿ ಕೇಳಿದ್ದಾರೆಂದು ಎಣಿಸಬೇಕು. ನಾನು ಎಣಿಸಿದೆ. ಒಂದೇ ಕೌಶಲಕ್ಕಿದ್ದ ಬೇರೆ ಬೇರೆ ಹೆಸರುಗಳನ್ನು ಒಂದುಗೂಡಿಸಿದೆ. ಒಂದು ಜಾಹೀರಾತಿನಲ್ಲಿ ಒಂದು ಕೌಶಲ ನಾಲ್ಕು ಸಲ ಬಂದರೂ ಒಂದೇ ಎಂದು ಹಿಡಿದೆ. ಡ್ರೋನ್ ಹಾರಿಸುವ ಸರ್ಟಿಫಿಕೇಟಿನ ನಂತರ ಎರಡನೆಯ ಸ್ಥಾನದಲ್ಲಿ ಬಂದದ್ದು ಕೋಡಿಂಗೇ. ಮುಖ್ಯಸ್ಥರು ಹೇಳಿದ್ದೇ ಸರಿ ಎಂದು ಒಪ್ಪುವುದು ನನಗೆ ನುಂಗಲಾರದ ತುತ್ತಾಯಿತು.

ಆಗ ಬಂದವಳು ಬಬಲೇಶ್ವರ ಕಡೆಯ ಕುರಿ ಸಾಕುವವರ ಮಗಳು. ಹಾರಿಸುವ ಸರ್ಟಿಫಿಕೇಟು ಅವಳ ಕೈಯಲ್ಲಿತ್ತು. ದೀಪಾವಳಿಯೊಳಗೆ ಕೆಲಸ ಸಿಗದಿದ್ದರೆ ಮತ್ತೆ ಕುರಿ ಕಾಯಬೇಕು. ಅಷ್ಟರಲ್ಲಿ ಇನ್ನೊಂದೇ ವಿದ್ಯೆ ಕಲಿಯಲು ಸಮಯವಿತ್ತು. ಯಾವುದು ಎಂದು ಕೇಳಿದಳು.

“ಕೋಡಿಂಗ್ ಕಲಿಯವಾ,” ಎಂದೆ.

“ಆ ಜಾಹೀರಾತ ಒಮ್ಮೆ ನೋಡ್ಲೇನ್ರಿ ಸರ್?”

“ಎಣಿಸಿ ಮುಗಿಸೇನಿ. ನೀ ಓದಿ ಏನ್ ಮಾಡ್ತಿ?” ಎಂದು ನಕ್ಕು, ಪ್ರಿಂಟಿನ ಕಟ್ಟನ್ನು ಅವಳ ಮುಂದೆ ಎಸೆದೆ.

ಮೂರನೆಯ ದಿನ ಅವಳು ಆ ಹಾಳೆಗಳನ್ನು ನನ್ನ ಮೇಜಿನ ಮೇಲೆ ಗುಂಪುಗುಂಪಾಗಿ ಹರಡಿದಳು. “ಈ ಗುಂಪೆಲ್ಲಾ ಒಂದ ಜಾಹೀರಾತ ಐತ್ರಿ ಸರ್. ಮ್ಯಾಲ ಕಂಪನಿ ಹೆಸರಷ್ಟ ಬ್ಯಾರೆ. ಒಳಗಿಂದೆಲ್ಲಾ ಅದ, ಕೆಳಗ ಫೋನ್ ನಂಬರೂ ಅದ.”

ಯಾವನೋ ಏಜೆಂಟ್ ಕೋಡಿಂಗ್ ಕೇಳುವ ಒಂದೇ ಜಾಹೀರಾತನ್ನು ಹತ್ತಾರು ಹೆಸರಿನಲ್ಲಿ ಹಾಕಿದ್ದ. ಬೇರೆ ಬೇರೆ ಹೆಸರು ಕಂಡು ನಾನು ಪ್ರತಿಯೊಂದನ್ನೂ ಬೇರೆ ಎಂದು ಎಣಿಸಿದ್ದೆ. ಗುಂಪಿಗೊಂದರಂತೆ ಇಟ್ಟು ಮತ್ತೆ ಎಣಿಸಿದಾಗ ಕೋಡಿಂಗ್ ತಳಕ್ಕೆ ಹೋಯಿತು. ಕೇಳಿದ ಒಂದೆರಡು ಕಡೆಯೂ ‘ಗೊತ್ತಿದ್ದರೆ ಒಳ್ಳೆಯದು’ ಎಂದಷ್ಟೇ ಇತ್ತು. ಬೇಕೇ ಬೇಕೆಂದಿದ್ದವು ಬೈಕ್ ಲೈಸೆನ್ಸು, ಬ್ಯಾಟರಿ ಜೋಪಾನ, ಔಷಧವನ್ನು ಅಳೆದು ಕಲಸುವುದು, ತೋಟದವರೊಂದಿಗೆ ಮಾತು.

“ಕುರಿಗೋಳಿಗೆ ಔಷಧ ಅಳದ ಹಾಕಿ ರೂಢಿ ಐತ್ರಿ. ಬ್ಯಾಟರಿದು ಸರ್ಟಿಫಿಕೇಟಿನಾಗ ಕಲ್ಸ್ಯಾರ. ಬೈಕಷ್ಟ ಬರಂಗಿಲ್ಲ,” ಎಂದಳು.

ಹೊಸ ಎಣಿಕೆಯನ್ನು ಮುಖ್ಯಸ್ಥರಿಗೆ ತೋರಿಸಿದೆ. “ಬೈಕ್ ಕಲಸ್ತೀವಿ ಅಂತ ಫ್ಲೆಕ್ಸ್ ಹಾಕ್ಲೇನ್ರಿ?” ಎಂದರು. ನಾನು ಹಾಳೆ ಮಡಚಿಕೊಂಡು ಹೊರಬಂದೆ. ಅವರ ದಡ್ಡತನದ ಬಗ್ಗೆ ಮನೆಯಲ್ಲಿ ವಾರವಿಡೀ ಭಾಷಣ ಮಾಡಿದೆ.

ದೀಪಾವಳಿಗೆ ಮುಂಚೆಯೇ ಅವಳಿಗೆ ಲೈಸೆನ್ಸು ಸಿಕ್ಕಿತು, ತಿಕೋಟಾದ ತೋಟಗಳ ಕೆಲಸವೂ ಸಿಕ್ಕಿತು. ಒಂದು ದಿನ ಬೈಕಿನ ಹಿಂದೆ ಬ್ಯಾಟರಿ ಪೆಟ್ಟಿಗೆ ಕಟ್ಟಿಕೊಂಡು ಪೇಡೆ ಕೊಡಲು ಬಂದಳು. ಗೇಟಿನ ಫ್ಲೆಕ್ಸ್ ಹಾಗೇ ಇತ್ತು. ತರಗತಿಯ ಬಾಗಿಲಲ್ಲಿ ನಿಂತು ಬೋರ್ಡನ್ನೂ ಹೊಸ ಮಕ್ಕಳನ್ನೂ ನೋಡಿದಳು.

“ಇವ್ರಿಗೆ ಆ ಎಣಿಕಿ ತೋರ್ಸೀರೇನ್ರಿ ಸರ್?”

ಬೋರ್ಡಿನ ಮೇಲೆ ಕೋಡಿಂಗ್ ಬರೆಯುತ್ತಿದ್ದವನು ನಾನೇ.