ಹನ್ನೊಂದು ಹದಿನಾಲ್ಕರಿಂದ

ಮಾನ್ವಿಯ ಬಸ್ ನಿಲ್ದಾಣದ ಎದುರಿಗೆ ಒಂದು ಝೆರಾಕ್ಸ್ ಅಂಗಡಿ ಇದೆ. ಅದರ ಅರ್ಧ ಭಾಗದಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪ್, ಗಿರಾಕಿಗಳಿಗೊಂದು ಬೆಂಚು ಹಾಕಿಕೊಂಡು ನಾನು ವಾಹನ ವಿಮೆ ಮಾಡಿಸಿಕೊಡುತ್ತೇನೆ. ಕಂಪನಿಯ ಕಚೇರಿ ರಾಯಚೂರಿನಲ್ಲಿದೆ. ಈ ಭಾಗದ ಟ್ರ್ಯಾಕ್ಟರು, ಗೂಡ್ಸ್ ಗಾಡಿ, ಮೋಟಾರ್ ಸೈಕಲ್ಲುಗಳ ಕಾಗದ ಮಾತ್ರ ನನ್ನ ಮೇಜಿನ ಮೇಲೆಯೇ ಹುಟ್ಟುತ್ತದೆ.

ಮಸರಕಲ್ಲಿನ ಅವನು ನನ್ನ ಹಳೆಯ ಗಿರಾಕಿ. ಒಂದು ಸಣ್ಣ ಗೂಡ್ಸ್ ಗಾಡಿ ಇಟ್ಟುಕೊಂಡಿದ್ದ, ತಾನೇ ಓಡಿಸುತ್ತಿದ್ದ. ಮಾನ್ವಿಯ ಅಕ್ಕಿ ಮಿಲ್ಲುಗಳಿಂದ ತೌಡು ತುಂಬಿಕೊಂಡು ದೇವದುರ್ಗ, ಜಾಲಹಳ್ಳಿ ಕಡೆಗೆ ಹಾಕುವುದು ಅವನ ಕೆಲಸ. ಮಾತು ಕಡಿಮೆ. ಪ್ರತಿ ವರ್ಷ ನಾನು ನೆನಪು ಮಾಡಿದರೆ ತಪ್ಪದೆ ಬಂದು ಪಾಲಿಸಿ ಮಾಡಿಸಿಕೊಂಡು ಹೋಗುವನು.

ಆ ವರ್ಷ ಅವನ ಪಾಲಿಸಿ ಒಂದು ಶನಿವಾರ ಮಧ್ಯರಾತ್ರಿಗೆ ಮುಗಿಯುವುದಿತ್ತು. ಅವನು ಶನಿವಾರವೇ ಬಂದ, ಸಂಜೆ ಐದೂವರೆಗೆ. ನಾನು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿಯಾಗಿತ್ತು. ರಾಯಚೂರಿನಲ್ಲಿ ಮರುದಿನ ತಂಗಿಯ ಮಗಳ ಕುಬುಸ, ಅಂದರೆ ಸೀಮಂತ. ಬಸ್ಸು ನಿಲ್ದಾಣದೊಳಗೆ ಬಂದು ನಿಂತಿತ್ತು, ಹೆಂಡತಿ ಆಗಲೇ ಹತ್ತಿ ಕುಳಿತಿದ್ದಳು.

"ಇನ್ಸೂರೆನ್ಸ್ ಮಾಡಿಬಿಡ್ರಿ ಸರ, ಇವತ್ತ ಮುಗೀತದ," ಎಂದು ಅಂಗಿಯ ಕಿಸೆಗೆ ಕೈ ಹಾಕಿದ.

"ಬಸ್ ಬಂದು ನಿಂತದ ನೋಡ್ರಿ. ಸೋಮವಾರ ಬರ್ರಿ. ನಾಳೆ ಐತವಾರ, ಮಿಲ್ಲ ಬಂದ್. ಗಾಡಿ ಹೊರಗ ತೆಗೀಬ್ಯಾಡ್ರಿ, ಆತಲ್ಲ?"

"ಆಗಲ್ರೀ," ಎಂದು ಕಿಸೆಯಿಂದ ಕೈ ತೆಗೆದ. ಹತ್ತು ನಿಮಿಷದ ಕೆಲಸ. ಮುಂದಿನ ಬಸ್ಸು ಅರ್ಧ ಗಂಟೆಗೆ ಇತ್ತು. ನಾನು ಹೋಗಿ ಹೆಂಡತಿಯ ಪಕ್ಕ ಕುಳಿತೆ.

ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಂದ. ಗಾಡಿ ತಂದಿರಲಿಲ್ಲ, ನಡೆದು ಬಂದಿದ್ದ. ಮುಖ ತೊಳೆದುಕೊಂಡು ಒರೆಸಿಕೊಳ್ಳದೆ ಬಂದವನಂತೆ ಕೂದಲು ಹಣೆಗೆ ಅಂಟಿತ್ತು. ಬೆಂಚಿನ ಮೇಲೆ ಕೂರದೆ ನಿಂತೇ ಇದ್ದ. ನಾನು ಕುಬುಸದ ಸುದ್ದಿ ಹೇಳುತ್ತ ಗಾಡಿಯ ನಂಬರು ಹಾಕಿದೆ. ಅವನು ಯಾವಾಗಲೂ ಮಾಡಿಸುತ್ತಿದ್ದುದು ಥರ್ಡ್ ಪಾರ್ಟಿ ಪಾಲಿಸಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗಷ್ಟೇ ಪರಿಹಾರ. ಅದಕ್ಕೆ ಅವಧಿ ಮುಗಿದಿದ್ದರೂ ಗಾಡಿಯನ್ನು ತಂದು ತೋರಿಸಬೇಕಿಲ್ಲ. ಅವನ ಫೋನಿಗೆ ಒಟಿಪಿ ಬಂತು. ಓದಿ ಹೇಳುವಾಗ ಎರಡು ಸಲ ತಪ್ಪಿದ. ವಯಸ್ಸಾಯಿತು, ಕಣ್ಣು ತೋರಿಸಿಕೊಳ್ಳಿ ಎಂದು ನಾನು ನಕ್ಕೆ.

ಹಣ ಕಂಪನಿಗೆ ಜಮೆಯಾಗಿ ಪಾಲಿಸಿ ಬಂತು. ಮೊದಲ ಪುಟವನ್ನು ಪ್ರಿಂಟ್ ತೆಗೆದು ಕೊಟ್ಟೆ. ಅದರಲ್ಲಿ ಗಾಡಿಯ ವಿವರದ ಕೆಳಗೆ ವಿಮೆಯ ಅವಧಿ ಇರುತ್ತದೆ. ಆ ದಿನದ ತಾರೀಖು, ಪಕ್ಕದಲ್ಲಿ 11:14 ಗಂಟೆಯಿಂದ. ಅವನು ಅದರ ಮೇಲೆ ಬೆರಳಿಟ್ಟ.

"ಇದು ಬೆಳಿಗ್ಗಿಯಿಂದ ಬರೂದಿಲ್ಲೇನ್ರಿ ಸರ?"

"ಹೆಂಗ ಬರ್ತದ? ರೊಕ್ಕ ಮುಟ್ಟಿದ ಮ್ಯಾಲಿಂದನ. ಶನಿವಾರನ ಕಟ್ಟಿದ್ರ ಹಳೇದು ಮುಗಿದ ರಾತ್ರಿ ಹನ್ನೆರಡರಿಂದ ಹೊಸಾದು ಜೋಡಾಗಿ ಬರ್ತಿತ್ತು. ನಡುವ ತಪ್ಪಿತಲ್ಲ."

"ಮೊದಲ ಬರೇ ತಾರೀಖ ಇರ್ತಿತ್ತು."

ಅವನು ಹೇಳಿದ್ದು ನಿಜ. ಕೈಯಲ್ಲಿ ಬರೆಯುವ ಕಾಲದಲ್ಲಿ ನಾವು ಸಮಯದ ಜಾಗವನ್ನು ಎಷ್ಟೋ ಸಲ ಖಾಲಿ ಬಿಡುತ್ತಿದ್ದೆವು. ಸಮಯ ಬರೆಯದಿದ್ದರೆ ಆ ತಾರೀಖು ಶುರುವಾದ ಮಧ್ಯರಾತ್ರಿಯಿಂದಲೇ ವಿಮೆ ಇತ್ತೆಂದು ಕೋರ್ಟುಗಳು ಹಿಡಿಯುತ್ತಿದ್ದವು. ಈಗ ಬರೆಯುವವನು ನಾನಲ್ಲ, ಕಂಪ್ಯೂಟರು. ಇದನ್ನೆಲ್ಲ ನಾನು ಅವನಿಗೆ ಉತ್ಸಾಹದಿಂದ ವಿವರಿಸಿದೆ. ಅವನು ಕಾಗದ ಮಡಚಿ ಕಿಸೆಗಿಟ್ಟುಕೊಂಡು ಹೋದ.

ಮಧ್ಯಾಹ್ನ ಎರಡಕ್ಕೆ ಪೊಲೀಸ್ ಠಾಣೆಯಿಂದ ಪರಿಚಯದ ಹೆಡ್ ಕಾನ್‌ಸ್ಟೇಬಲ್ ಫೋನ್ ಮಾಡಿದರು. "ಮಸರಕಲ್ ಗೂಡ್ಸ್ ಗಾಡಿ ಪಾಲಿಸಿ ನೀವ ಮಾಡೀರೇನ್ರಿ? ಎಷ್ಟಕ್ಕ ಮಾಡೀರಿ?"

"ಹನ್ನೊಂದು ಹದಿನಾಲ್ಕಕ್ಕ. ಯಾಕ್ರಿ?"

"ಗುದ್ದಿದ್ದು ಏಳು ನಲವತ್ತಕ್ಕ," ಎಂದರು.

ಆಮೇಲೆ ಎಲ್ಲವೂ ಗೊತ್ತಾಯಿತು. ಅವನು ಮಾನ್ವಿಗೆ ಬರುವ ದಾರಿಯ ಊರು ಕುರ್ಡಿ. ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಣ್ಣುಮಗಳು ಮಕ್ಕಳ ಹಾಲು ಕಾಯಿಸಲೆಂದು ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದಳು. ಎದುರಿನಿಂದ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಅವನು ಗಾಡಿಯನ್ನು ಎಡಕ್ಕೆ ಎಳೆದಿದ್ದ. ಓಡಿಹೋಗಲಿಲ್ಲ. ತಾನೇ ಆಕೆಯನ್ನು ಎತ್ತಿ ತೌಡಿನ ಖಾಲಿ ಚೀಲಗಳ ಮೇಲೆ ಮಲಗಿಸಿಕೊಂಡು ಮಾನ್ವಿ ಆಸ್ಪತ್ರೆಗೆ ತಂದ. ಅಲ್ಲಿಂದ ರಾಯಚೂರಿಗೆ ಕಳಿಸಿದರು. ಆಂಬುಲೆನ್ಸ್ ರಾಯಚೂರು ಮುಟ್ಟುವ ಮೊದಲೇ ಜೀವ ಹೋಯಿತು. ಗಾಡಿಗೆ ಇನ್ಸೂರೆನ್ಸ್ ಇದೆಯೇ ಎಂದು ಆಸ್ಪತ್ರೆಯ ಅಂಗಳದಲ್ಲಿ ಯಾರೋ ಕೇಳಿದಾಗ ಅವನು ಹೊರಗಿನ ನಲ್ಲಿಯಲ್ಲಿ ಕೈ ಮುಖ ತೊಳೆದುಕೊಂಡು ನನ್ನ ಹತ್ತಿರ ಬಂದಿದ್ದ. ನಾನು ಕುಬುಸದ ಊಟದ ಬಗ್ಗೆ ಹೇಳುತ್ತಿದ್ದೆ.

ಅಪಘಾತದ ಸಮಯವನ್ನು ಹಿಂದೆ ಮುಂದೆ ಮಾಡಲು ಯಾರಿಗೂ ಸಾಧ್ಯವಿರಲಿಲ್ಲ. ಎಂಟು ಹತ್ತಕ್ಕೆ ಗಾಯಾಳುವನ್ನು ತಂದರೆಂದು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇತ್ತು.

ಮೂರು ವಾರದ ನಂತರ ಅವನು ಮತ್ತೆ ಬಂದ. ಜೊತೆಗೆ ಇನ್ನೊಬ್ಬ ಇದ್ದ, ಸುಣ್ಣ ಸಿಮೆಂಟಿನಿಂದ ಬೆರಳು ಒಡೆದ ಗೌಂಡಿ ಕೆಲಸದವನು. ಸತ್ತ ಹೆಣ್ಣುಮಗಳ ಗಂಡ. ಇಬ್ಬರೂ ನನ್ನ ಬೆಂಚಿನ ಮೇಲೆ ಒಬ್ಬರ ಪಕ್ಕ ಒಬ್ಬರು ಕುಳಿತರು. ಕೊಂದವನು ಮತ್ತು ಕಳೆದುಕೊಂಡವನು ಹಾಗೆ ಒಟ್ಟಿಗೆ ಕುಳಿತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಗಾಡಿಯವನೇ ಮಾತು ತೆಗೆದ. "ವಕೀಲ್ರು ಒಂದು ದಾರಿ ಅದ ಅಂದಾರ್ರಿ. ಶನಿವಾರ ನಾನು ರೊಕ್ಕ ಕೊಟ್ಟಿದ್ದೆ, ನೀವು ಇಸ್ಕೊಂಡು ಸೋಮವಾರ ತುಂಬಿದ್ರಿ ಅಂತ ನೀವು ಹೇಳಿದ್ರ, ಏಜೆಂಟಗ ಕೊಟ್ಟದ್ದು ಕಂಪನಿಗೆ ಕೊಟ್ಟಂಗ ಅಂತ ವಾದ ಮಾಡ್ತಾರಂತ."

"ನೀವು ಕೊಡಲಿಲ್ಲಲ್ಲ."

"ಕೊಡಾಕ ಬಂದಿದ್ನಿ."

ಆಗ ಗೌಂಡಿ ನನ್ನತ್ತ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಮೂರೂವರಿ ತಾಸು ಅಂತಾರ್ರಿ ಎಲ್ಲಾರೂ. ನನಗ ತಿಳಿಯೂದಿಲ್ಲ. ಆಕಿ ಅವತ್ತ ಹನ್ನೊಂದೂವರಿಗೆ ಸಾಲಿಗೆ ಹೋಗಿದ್ರ ಆಕಿಗೆ ಕಿಮ್ಮತ್ತು ಇರ್ತಿತ್ತು, ಏಳೂವರಿಗೆ ಹೋದದ್ದಕ್ಕ ಇಲ್ಲ. ಹಂಗೇನ್ರಿ?"

"ಕಂಪನಿ ಕೊಡೂದಿಲ್ಲ ಅಷ್ಟ. ಗಾಡಿಯವರು ಕೊಡಬೇಕಾಗ್ತದ," ಎಂದೆ.

ಗೌಂಡಿ ಪಕ್ಕಕ್ಕೆ ತಿರುಗಿ ಗಾಡಿಯವನ ಸವೆದ ಚಪ್ಪಲಿಯನ್ನು ನೋಡಿದ. "ಇವನಾ?" ಎಂದ. "ಇವನ ಕಡೆ ಏನದ? ಎರಡು ಹೆಣ್ಣ ಹುಡಿಗ್ಯಾರು ಅದಾವ್ರಿ ನನಗ."

ಅವರು ಕೇಳಿದ್ದು ಒಂದು ಸುಳ್ಳು. ಅದನ್ನು ಹೇಳಿದ್ದರೂ ಫಲ ಸಿಗುತ್ತಿತ್ತೆಂದು ಖಾತ್ರಿಯಿರಲಿಲ್ಲ. ರಸೀದಿ ಎಲ್ಲಿ, ಗಿರಾಕಿಯ ಹಣವನ್ನು ಇಪ್ಪತ್ತನಾಲ್ಕು ತಾಸಿನೊಳಗೆ ಯಾಕೆ ತುಂಬಲಿಲ್ಲ ಎಂದು ಕಂಪನಿ ನನ್ನನ್ನೇ ಹಿಡಿಯುತ್ತಿತ್ತು, ಏಜೆನ್ಸಿ ಹೋಗುತ್ತಿತ್ತು. ಆಗುವುದಿಲ್ಲ ಎಂದೆ. ಪ್ರಾಮಾಣಿಕತೆಗೋ, ಹೆದರಿಕೆಗೋ ಎಂದು ಎಷ್ಟೋ ಸಲ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಹೆದರಿಕೆಯ ಪಾಲೇ ದೊಡ್ಡದು ಅನಿಸುತ್ತದೆ. ಇಬ್ಬರೂ ಎದ್ದರು. ಗೌಂಡಿ ಕೈ ಮುಗಿದ, ಇನ್ನೊಬ್ಬ ಮುಗಿಯಲಿಲ್ಲ.

ಪ್ರಕರಣ ರಾಯಚೂರಿನ ಮೋಟಾರು ಅಪಘಾತ ನ್ಯಾಯಮಂಡಳಿಯ ಮುಂದೆ ನಡೆಯಿತು. ಸಾಕ್ಷಿ ಹೇಳಲು ಕಂಪನಿ ನನ್ನನ್ನು ಕರೆಸಿತು. ಕೋರ್ಟಿನ ಜಗಲಿಯಲ್ಲಿ ಕಂಪನಿಯ ಅಧಿಕಾರಿ, "ಕೇಳಿದ್ದಕ್ಕಷ್ಟ ಉತ್ತರ ಹೇಳ್ರಿ, ಹೆಚ್ಚಿಗಿ ಬ್ಯಾಡ," ಎಂದಿದ್ದರು. ಪಾಲಿಸಿಯ ಸಮಯ, ಹಣ ಜಮೆಯಾದ ಸಮಯ, ಎರಡನ್ನೂ ಹೇಳಿದೆ. ಅಪಘಾತವಾದದ್ದನ್ನು ಗಾಡಿಯವನು ತಿಳಿಸಿದ್ದನೇ ಎಂದು ಕಂಪನಿಯ ವಕೀಲರು ಕೇಳಿದರು. ಇಲ್ಲ ಎಂದೆ.

ಆಮೇಲೆ ಗಾಡಿಯವನ ವಕೀಲರು ಎದ್ದರು. "ಶನಿವಾರ ಅವರು ನಿಮ್ಮಲ್ಲಿಗೆ ಬಂದಿದ್ದರೇ?"

"ಬಂದಿದ್ದರು."

"ಹಣ ತಂದಿದ್ದರೇ?"

"ತಂದಿದ್ದರು. ನಾನು ತೆಗೆದುಕೊಳ್ಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಸೋಮವಾರ ಬನ್ನಿ ಎಂದೆ."

ಕಂಪನಿಯ ಅಧಿಕಾರಿ ತಲೆ ತಗ್ಗಿಸಿಕೊಂಡರು. ಸಾಕ್ಷ್ಯ ಬರೆಸುತ್ತಿದ್ದ ನ್ಯಾಯಾಧೀಶರು ಒಂದು ಕ್ಷಣ ನಿಲ್ಲಿಸಿ ನನ್ನನ್ನು ನೋಡಿ, ಮುಂದುವರಿಸಿದರು. ಆ ಮಾತಿನಿಂದ ಏನಾದರೂ ಬದಲಾಗಬಹುದೆಂದು ಮನಸ್ಸಿನ ಒಂದು ಮೂಲೆಯಲ್ಲಿ ಆಸೆ ಇಟ್ಟುಕೊಂಡಿದ್ದೆ.

ಬದಲಾಗಲಿಲ್ಲ. ಪಾಲಿಸಿಯಲ್ಲಿ ಸಮಯ ಸ್ಪಷ್ಟವಾಗಿ ನಮೂದಾಗಿದೆ, ಪ್ರೀಮಿಯಂ ಮುಟ್ಟುವ ಮೊದಲು ಕಂಪನಿಯ ಹೊಣೆ ಹುಟ್ಟುವುದಿಲ್ಲ, ಕೊಡಲು ಬಂದದ್ದು ಕೊಟ್ಟಂತಾಗುವುದಿಲ್ಲ ಎಂದು ತೀರ್ಪಾಯಿತು. ಕಂಪನಿಯನ್ನು ಬಿಟ್ಟು, ಪೂರ್ತಿ ಪರಿಹಾರವನ್ನು ಗಾಡಿಯ ಮಾಲೀಕನೇ ಬಡ್ಡಿಸಹಿತ ಕೊಡಬೇಕೆಂದು ಆದೇಶವಾಯಿತು. ಅಂಥ ಮೊತ್ತವನ್ನು ಅವನು ಹುಟ್ಟಿದಾಗಿನಿಂದ ಕಂಡವನಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ದಿನ ನಾನು ಮಸರಕಲ್ಲಿಗೆ ಹೋದೆ. ಯಾಕೆ ಹೋದೆನೆಂದು ಹೆಂಡತಿಗೂ ಹೇಳಲಾಗಲಿಲ್ಲ. ಗಾಡಿಯನ್ನು ದೇವದುರ್ಗದ ಒಬ್ಬರಿಗೆ ಮಾರಿ, ಬಂದದ್ದನ್ನು ಕೋರ್ಟಿಗೆ ಕಟ್ಟಿದ್ದ. ಅದು ಒಂದು ಮೂಲೆಗೂ ಸಾಲದು. ಹತ್ತಿ ಹೊಲದಲ್ಲಿ ಕೂಲಿಗೆ ಹೋಗಿದ್ದವನು ಸಂಜೆ ಬಂದ. ಅವನ ಹೆಂಡತಿ ನೀರು ಕೊಟ್ಟಳು. ಅವನು ಕಟ್ಟೆಯ ಮೇಲೆ, ನನ್ನಿಂದ ದೂರ ಕುಳಿತ.

"ತಪ್ಪು ನಂದೂ ಅದ," ಎಂದೆ.

"ಕೋರ್ಟಿನಾಗ ಹೇಳಿದ್ರಲ್ಲ," ಎಂದ. "ಅವತ್ತ ಮಿಲ್ಲಿಗೆ ಒಂಬತ್ತಕ್ಕ ಹೋದ್ರ ನಡೀತಿತ್ತು ಸರ. ನಿಮ್ಮ ಅಂಗಡಿ ತೆಗಿಯೂದ್ರಾಗ ಬಂದು ಕುಂದ್ರಬೇಕಂತ ಲಗೂನ ಹೊಂಟೆ. ಇನ್ಸೂರೆನ್ಸ್ ಇಲ್ಲದ ಗಾಡಿ, ರಸ್ತೇದಾಗ ಮಂದಿ ಹೆಚ್ಚಾಗೂದ್ರಾಗ ಮುಟ್ಟಿಬಿಡೂಣು ಅಂತ."

ಲೋಟ ಕೆಳಗಿಟ್ಟು ಎದ್ದೆ. ಅವನು ಬಾಗಿಲವರೆಗೆ ಬರಲಿಲ್ಲ.

ಗೌಂಡಿಗೆ ಆ ತೀರ್ಪಿನಿಂದ ಇದುವರೆಗೆ ಸಿಕ್ಕಿದ್ದು ಗಾಡಿ ಮಾರಿದ ಹಣ ಮಾತ್ರ. ಉಳಿದದ್ದರ ವಸೂಲಿಗೆ ಹಾಕಿದ ಅರ್ಜಿ ಇನ್ನೂ ನಡೆಯುತ್ತಿದೆ. ವಸೂಲಿ ಮಾಡಲು ಮಸರಕಲ್ಲಿನಲ್ಲಿ ಆ ಮನೆಯೊಂದೇ ಇದೆ, ಅದರೊಳಗೆ ನಾಲ್ಕು ಜನ ಇದ್ದಾರೆ. ಗೌಂಡಿಯ ಹಿರಿಯ ಮಗಳು ಕಾಲೇಜು ಬಿಟ್ಟು ತಾಯಿಯ ಜಾಗದಲ್ಲಿ ಶಾಲೆಯ ಅಡುಗೆಗೆ ಸೇರಿದಳೆಂದು ಕುರ್ಡಿಯಿಂದ ಬಂದ ಗಿರಾಕಿಯೊಬ್ಬರು ಹೇಳಿದರು. ಬೆಳಿಗ್ಗೆ ಬೇಗ ಹೋಗಿ ಹಾಲು ಕಾಯಿಸಬೇಕಂತೆ. ಅವಳ ತಂದೆ ಆ ರಸ್ತೆಯ ತಿರುವಿನವರೆಗೆ ಜೊತೆಗೆ ಹೋಗಿ, ಅವಳು ಶಾಲೆಯ ಗೇಟು ದಾಟುವವರೆಗೆ ನಿಂತು, ಆಮೇಲೆ ಕೆಲಸಕ್ಕೆ ಹೋಗುತ್ತಾನಂತೆ.