ನಲವತ್ತೇಳನೆಯ ಪ್ರಶ್ನೆಯ ನಾಲ್ಕನೆಯ ಆಯ್ಕೆ

ನೀಲಾಂಬಿಕಾಗೆ ಕೂತು ಬರೆಯುವ ಅಭ್ಯಾಸವೇ ಇರಲಿಲ್ಲ. ವಿಜಯನಗರದ ಆ ಕೋಚಿಂಗ್ ಸೆಂಟರಿನ ಎರಡನೆಯ ಮಹಡಿಯಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಲೇ ಪ್ರಶ್ನೆ ಹೊಸೆಯುತ್ತಿದ್ದಳು. ವಾಕ್ಯ ಸಿಕ್ಕಿದ ಕೂಡಲೇ ಮೇಜಿನ ಮೇಲೆ ಬಾಗಿ ಗೀಚಿ, ಮತ್ತೆ ನಡಿಗೆ. ಸಿಂದಗಿಯಿಂದ ಬಂದು ಎಂಟು ವರ್ಷ ಸಿವಿಲ್ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ದುಡಿದವಳು. ಸಿವಿಲ್ ಜಡ್ಜ್ ಪರೀಕ್ಷೆಗೆ ನಾಲ್ಕು ಸಲ ಕೂತು, ನಾಲ್ಕು ಸಲವೂ ಹೊಸ್ತಿಲಲ್ಲೇ ನಿಂತು, ಕಡೆಗೆ ವಯಸ್ಸು ಮೀರಿತು. ಈಗ ನಲವತ್ತೆರಡು. ಅದೇ ಪರೀಕ್ಷೆಗೆ ಓದುವ ಮಕ್ಕಳಿಗಾಗಿ ಪ್ರಶ್ನೆಪತ್ರಿಕೆ ತಯಾರಿಸುವುದು ಅವಳ ಕೆಲಸ. ಬಾಪೂಜಿ ನಗರದ ಬಾಡಿಗೆ ಕೋಣೆಯಿಂದ ದಿನಾ ನಡೆದೇ ಬರುತ್ತಿದ್ದಳು.

ಸರಿಯುತ್ತರ ಬರೆಯುವುದು ಸುಲಭ, ತಪ್ಪು ಉತ್ತರಗಳನ್ನು ಬರೆಯುವುದೇ ಕಷ್ಟ ಎಂದು ಅವಳು ಹೇಳುತ್ತಿದ್ದಳು. ತಪ್ಪು ಆಯ್ಕೆ ಎಂದರೆ ಬುದ್ಧಿ ಇರುವವನೊಬ್ಬ ನಿಜವಾಗಿಯೂ ಮಾಡಬಹುದಾದ ತಪ್ಪಾಗಿರಬೇಕು, ಇಲ್ಲದಿದ್ದರೆ ಅದು ಪರೀಕ್ಷೆಯಲ್ಲ, ತಮಾಷೆ.

ಆ ಭಾನುವಾರ, ಹಿಂದಿನ ವಾರದ ಮಾದರಿ ಪರೀಕ್ಷೆಯ ಮೊದಲ ನಲವತ್ತು ಪ್ರಶ್ನೆಗಳ ಚರ್ಚೆ ಮುಗಿದಿತ್ತು. ಮಕ್ಕಳೆಲ್ಲ ಇಳಿದುಹೋದ ಮೇಲೆ ಶಶಿಕಲಾ ಉಳಿದುಕೊಂಡಳು. ಹಗಲು ಒಂದು ಆಡಿಟರ್ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದು, ವಾರಾಂತ್ಯದ ಬ್ಯಾಚಿಗೆ ಬರುವ ಹುಡುಗಿ. ಅವಳ ಮುಖದಲ್ಲಿ ಏನೋ ಸಾಧಿಸಿದ ಕಳೆ.

"ಮೇಡಂ, ನಿಮ್ಮ ನಲವತ್ತೇಳನೇ ಪ್ರಶ್ನೆ ನಮ್ಮ ಮನೆಗೇ ಉಪಯೋಗಕ್ಕೆ ಬಂತು. ಅಪ್ಪ ವಕೀಲರ ಹತ್ರ ಓಡ್ತೀನಿ ಅಂತಿದ್ರು. ನಾನೇ ಬೇಡ ಅಂದೆ. ಉತ್ತರ ಇಲ್ಲೇ ಇದೆಯಲ್ಲ."

"ಯಾವ ಪ್ರಶ್ನೆ?"

"ಅದೇ, ಕರಾರಲ್ಲಿ ಮೊದಲೇ ಬರೆದಿರೋ ಮೊತ್ತದ್ದು. ಪೂರ್ತಿ ಕೊಡಲೇಬೇಕಲ್ವಾ? ಹಾಗಂತ ಅಪ್ಪ ಇವತ್ತು ನಾಲ್ಕು ಗಂಟೆಗೆ ಒಪ್ಪಂದಕ್ಕೆ ಸಹಿ ಹಾಕ್ತಿದಾರೆ."

ಪರೀಕ್ಷೆಯ ನಂತರ ಉತ್ತರ ಸಮೇತ ಹಂಚಿದ್ದ ಪತ್ರಿಕೆಯನ್ನು ನೀಲಾಂಬಿಕಾ ಎಳೆದುಕೊಂಡಳು. ಕೆಲಸ ತಡವಾದರೆ ಎರಡು ಲಕ್ಷ ಕೊಡಬೇಕೆಂದು ಕರಾರಿನಲ್ಲಿದೆ. ಕೆಲಸ ತಡವಾಗಿದೆ. ನ್ಯಾಯಾಲಯ ಎಷ್ಟು ಕೊಡಿಸುತ್ತದೆ? ಎ: ಎರಡು ಲಕ್ಷ ಪೂರ್ತಿ. ಬಿ: ಅದು ದಂಡದ ಷರತ್ತಾದ್ದರಿಂದ ಏನೂ ಇಲ್ಲ. ಸಿ: ರೂಪಾಯಿ ಲೆಕ್ಕದಲ್ಲಿ ರುಜುವಾತಾದ ನಷ್ಟ ಮಾತ್ರ. ಇಲ್ಲಿಯವರೆಗೆ ಅವಳದೇ ಮಾತು. ನಾಲ್ಕನೆಯದರ ಮೇಲೆ ಅವಳ ಬೆರಳು ನಿಂತಿತು. 'ಡಿ: ಎರಡು ಲಕ್ಷದ ಅರ್ಧ.' ಕೆಳಗೆ ಉತ್ತರ: ಎ.

ಅವಳು ಬರೆದದ್ದು ಹಾಗಿರಲಿಲ್ಲ. 'ನಷ್ಟ ರುಜುವಾತಾಗಲಿ ಬಿಡಲಿ, ಎರಡು ಲಕ್ಷ ಮೀರದಂತೆ ಸಮಂಜಸವಾದ ಪರಿಹಾರ' ಎಂದು ಬರೆದು, ಉತ್ತರ ಡಿ ಎಂದು ಗುರುತು ಹಾಕಿದ್ದಳು.

ಪತ್ರಿಕೆ ಹಿಡಿದು ಸೆಂಟರಿನ ಮಾಲೀಕ ವೆಂಕಟಗಿರಿಯ ಕೋಣೆಗೆ ನುಗ್ಗಿದಳು.

"ಇದನ್ನ ಯಾರ್ರೀ ತಿದ್ದಿದ್ದು?"

ಆತ ಕನ್ನಡಕ ಏರಿಸಿ ನೋಡಿದ. "ನಾನೇ ಕಣ್ರೀ. ನಿಮ್ಮ ನಾಲ್ಕನೇ ಆಯ್ಕೆ ಎರಡು ಸಾಲು ಇತ್ತು. ಉದ್ದ ಇರೋದೇ ಸರಿ ಅಂತ ಹುಡುಗ್ರು ಓದದೇ ಟಿಕ್ ಹಾಕ್ತಾರೆ. ಚಿಕ್ಕದು ಮಾಡಿದೆ. ಗೈಡಲ್ಲೂ ಹಾಗೇ ಇದೆ, ಲಿಕ್ವಿಡೇಟೆಡ್ ಡ್ಯಾಮೇಜಸ್, ಅಂದ್ರೆ ಮೊದಲೇ ಅಂದಾಜು ಮಾಡಿದ ನಷ್ಟ ಆದ್ರೆ ಪೂರ್ತಿ, ಪೆನಾಲ್ಟಿ, ಅಂದ್ರೆ ದಂಡ ಆದ್ರೆ ಸೊನ್ನೆ."

"ಆ ಭೇದ ಇಂಗ್ಲೆಂಡಿನ ಕಾನೂನಿಂದ್ರೀ. ನಮ್ಮ ಕರಾರು ಕಾಯ್ದೆಯ ಎಪ್ಪತ್ನಾಲ್ಕನೇ ಸೆಕ್ಷನ್ ಆ ಜಗಳಾನೇ ಇಟ್ಟಿಲ್ಲ. ಹೆಸರು ಏನರ ಇರಲಿ, ಬರೆದ ಮೊತ್ತ ಮ್ಯಾಲಿನ ಮಿತಿ ಅಷ್ಟೇ. ಒಳಗ ಎಷ್ಟು ಅನ್ನೋದು ಕೋರ್ಟ್ ನೋಡ್ತದ."

"ಒಂದು ಮಾರ್ಕಿನ ವಿಷಯಕ್ಕೆ ಇಷ್ಟು ರೇಗ್ತೀರಲ್ಲ. ಕರಡು ನೋಡಿ ಅಂತ ನಿಮಗೇ ಕಳಿಸಿದ್ದೆ."

ಆ ಮಾತು ಚುಚ್ಚಿತು. ಕಳಿಸಿದ್ದು ನಿಜ. ಅವತ್ತು ಬೇರೆ ಮೂರು ಪತ್ರಿಕೆ ಬಾಕಿ ಇದ್ದವು, ಓದದೆಯೇ 'ಸರಿ' ಎಂದು ಬರೆದು ವಾಪಸ್ ಕಳಿಸಿದ್ದಳು. ಗಡಿಯಾರ ಮೂರು ಗಂಟೆ ದಾಟಿತ್ತು. ಮಾತು ಬೆಳೆಸದೆ ಹೊರಗೆ ಬಂದು ಶಶಿಕಲಾಳ ಕೈ ಹಿಡಿದಳು.

"ಗಾಡಿ ಐತೇನು? ನಡಿ. ನಿಮ್ಮಪ್ಪಗ ಫೋನ್ ಹಚ್ಚು, ಸಹಿ ಮಾಡಬ್ಯಾಡ್ರಿ ಅನ್ನು."

ಶಶಿಕಲಾಳ ಅಪ್ಪ ಅಂಜಿನಯ್ಯ ಫೋನ್ ಎತ್ತಲಿಲ್ಲ. ಹುಡುಗಿ ಸ್ಕೂಟರ್ ಓಡಿಸುತ್ತಲೇ ತುಂಡುತುಂಡಾಗಿ ಕಥೆ ಹೇಳಿದಳು. ಅಪ್ಪನದು ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಗ್ರಿಲ್ ಮಾಡುವ ಶೆಡ್. ಬಸವೇಶ್ವರನಗರದ ಒಂದು ಕಲ್ಯಾಣ ಮಂಟಪದ ಮೆಟ್ಟಿಲ ಕಂಬಿ, ಗೇಟು ಎಲ್ಲ ಅಪ್ಪನೇ ವಹಿಸಿಕೊಂಡಿದ್ದರು. ವೆಲ್ಡರ್ ಕೈ ಸುಟ್ಟುಕೊಂಡು ಊರಿಗೆ ಹೋದ, ಕೆಲಸ ಇಪ್ಪತ್ತೆರಡು ದಿನ ತಡವಾಯಿತು. ತಡವಾದ ಪ್ರತಿ ದಿನಕ್ಕೆ ಹತ್ತು ಸಾವಿರ ಎಂದು ಕರಾರಿನಲ್ಲಿತ್ತು, ಒಟ್ಟು ಎರಡು ಲಕ್ಷ ಇಪ್ಪತ್ತು ಸಾವಿರ. ಮಂಟಪದ ಮಾಲೀಕ ಶಂಭುಲಿಂಗಪ್ಪ ಕೊಡಬೇಕಾಗಿದ್ದ ಕೊನೆಯ ಒಂದು ಲಕ್ಷ ತೊಂಬತ್ತು ಸಾವಿರ ಹಿಡಿದಿಟ್ಟುಕೊಂಡು, ಮೇಲೆ ಮೂವತ್ತು ಸಾವಿರ ನೀನೇ ಕೊಡು ಎನ್ನುತ್ತಿದ್ದಾರೆ.

"ಅದಕ್ಕೆ ಅಪ್ಪ ಕಂಬಿ ಬಗ್ಗಿಸೋ ಮಿಷನ್ ಮಾರ್ತಿದಾರೆ ಮೇಡಂ. ನಾನೇ ಪತ್ರಿಕೆ ತೋರಿಸಿ, ಕೋರ್ಟಲ್ಲೂ ಇದೇ ಆಗೋದು ಅಂದೆ."

ನೀಲಾಂಬಿಕಾ ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ಅಂಕಿಗಳು ಒಂದೊಂದೇ ಇಳಿಯುವುದನ್ನು ನೋಡುತ್ತ ಹಿಂದಿನ ಸೀಟಿನಲ್ಲಿ ಮಿಸುಕಾಡಿದಳು. ಆ ಪರೀಕ್ಷೆ ಬರೆದವರು ಆರುನೂರು ಮಂದಿ ಎಂಬುದು ತಲೆಯಲ್ಲಿ ತಿರುಗುತ್ತಿತ್ತು.

ಮಂಟಪದ ಆಫೀಸಿಗೆ ಅವರು ಕಾಲಿಟ್ಟಾಗ ಅಂಜಿನಯ್ಯನ ಕೈಯಲ್ಲಿ ಪೆನ್ನಿತ್ತು. ಎದುರಿಗೆ ಬೆಳ್ಳಗಿನ ಅಂಗಿಯ ಶಂಭುಲಿಂಗಪ್ಪ, ಮೇಜಿನ ಮೇಲೆ ಛಾಪಾ ಕಾಗದ.

"ತಡೀರಿ ಯಜಮಾನ್ರೇ" ಎಂದಳು ನೀಲಾಂಬಿಕಾ ಏದುಸಿರು ಬಿಡುತ್ತ. "ನಾನು ನಿಮ್ಮ ಮಗಳಿಗೆ ಪಾಠ ಹೇಳಾಕಿ. ನಮ್ಮ ಪತ್ರಿಕೆಯೊಳಗ ಉತ್ತರ ತಪ್ಪಾಗ್ಯದ. ತಪ್ಪು ನಂದು."

ಅಂಜಿನಯ್ಯ ಪೆನ್ನು ಕೆಳಗಿಟ್ಟರು. ಮುಖ ಅರಳಿತು. "ಹಂಗಾದ್ರೆ ನಾನು ಏನೂ ಕೊಡಂಗಿಲ್ವಾ ಅಮ್ಮಾ?"

"ಅದೂ ತಪ್ಪೇ. ಕೊಡಬೇಕಾಗ್ತದ. ಎಷ್ಟು ಅನ್ನೋದಷ್ಟೇ ಪ್ರಶ್ನೆ."

ಶಂಭುಲಿಂಗಪ್ಪ ಕರಾರನ್ನು ಅವಳ ಕಡೆ ದೂಡಿದರು. ಕೆಟ್ಟ ಮನುಷ್ಯರಲ್ಲ, ಆದರೆ ಕಾಗದವನ್ನು ನಂಬಿದವರು. "ಓದಿ ನೋಡಿ. ಇದು ದಂಡವಲ್ಲ, ಇಬ್ಬರೂ ಒಪ್ಪಿ ನಿಗದಿ ಮಾಡಿದ ನಷ್ಟ ಪರಿಹಾರ ಅಂತ ದಪ್ಪ ಅಕ್ಷರದಲ್ಲಿ ಹಾಕ್ಸಿದೀನಿ. ಸಹಿ ಅವರದೇ."

"ದಪ್ಪ ಅಕ್ಷರ ನೋಡಿ ಕೋರ್ಟ್ ತೀರ್ಪು ಕೊಡೂದಿಲ್ರೀ ಸಾರ್. ನಿಮಗ ಏನು ಲುಕ್ಸಾನ ಆತು ಅಂತ ಕೇಳ್ತದ. ಲೆಕ್ಕ ಹಾಕಲಿಕ್ಕೇ ಆಗದಂಥ ನಷ್ಟ ಇದ್ರ, ಮೊದಲೇ ಪ್ರಾಮಾಣಿಕವಾಗಿ ಅಂದಾಜು ಮಾಡಿದ ಮೊತ್ತ ಪೂರ್ತಿನೂ ಸಿಗಬಹುದು. ಆದ್ರ ಮಂಟಪದ ಬುಕಿಂಗ್ ಪುಸ್ತಕ ನಿಮ್ಮ ಕೈಯಾಗೇ ಐತಲ್ಲ. ಲೆಕ್ಕ ಸಿಗುವಂಥದ್ದಕ್ಕ ಲೆಕ್ಕ ಕೊಡಬೇಕು. ಆ ಇಪ್ಪತ್ತೆರಡು ದಿನದಾಗ ಎಷ್ಟು ಕಾರ್ಯಕ್ರಮ ತಪ್ಪಿದವು?"

ಶಂಭುಲಿಂಗಪ್ಪ ಪುಸ್ತಕ ತರಿಸಿದರು. ಒಂದು ನಾಮಕರಣ ಕೆಳಗಿನ ಹಾಲಿನಲ್ಲಿ ನಡೆದೇ ಹೋಗಿತ್ತು. ಒಂದು ಮದುವೆ ಮಾತ್ರ ಬೇರೆ ಕಡೆ ಹೋಗಿತ್ತು, ಎಂಬತ್ತೈದು ಸಾವಿರ ಬಾಡಿಗೆ ವಾಪಸ್ ಕೊಟ್ಟಿದ್ದರು.

"ಅವತ್ತು ಕರೆಂಟು, ಕ್ಲೀನಿಂಗು ಖರ್ಚು ಉಳೀತಲ್ಲ" ಎಂದಳು ಶಶಿಕಲಾ ಮೆಲ್ಲಗೆ.

"ಉಳೀತಮ್ಮ, ಹದಿನೈದು ಸಾವಿರ ಇರಬಹುದು. ಆದ್ರೆ ನನ್ನ ಹೆಸರು? ಹುಡುಗಿ ಕಡೆಯವರು ಎಲ್ಲರ ಮುಂದೆ ಬೈದುಹೋದ್ರು. ಅದಕ್ಕೆ ರಸೀದಿ ಎಲ್ಲಿಂದ ತರ್ಲಿ?"

"ಅದು ನ್ಯಾಯವಾದ ಮಾತು" ಎಂದಳು ನೀಲಾಂಬಿಕಾ. "ರಸೀದಿ ಇಲ್ಲ ಅಂತ ಅದನ್ನ ಸೊನ್ನೆ ಮಾಡಲಿಕ್ಕೂ ಬರೂದಿಲ್ಲ. ಕೋರ್ಟ್ ಅದಕ್ಕೂ ಏನರ ಸೇರಿಸಬಹುದು. ಇಂತಿಷ್ಟೇ ಅಂತ ನಾನು ಮಾತು ಕೊಡಾಂಗಿಲ್ಲ. ನಿಮ್ಮ ವಕೀಲರನ್ನೇ ಕೇಳ್ರಿ."

ಶಂಭುಲಿಂಗಪ್ಪ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟರು. ಅತ್ತಲಿಂದ ವಕೀಲರು ಕೇಳಿದ ಮೊದಲ ಪ್ರಶ್ನೆಯೇ "ನಿಜವಾದ ನಷ್ಟ ಎಷ್ಟು ಸಾರ್?" ಎಂದಾಗಿತ್ತು. ಮೊತ್ತ ಕೇಳಿ, "ಎರಡು ಇಪ್ಪತ್ತು ಪೂರ್ತಿ ಸಿಗುತ್ತೆ ಅಂತ ನಾನು ಹೇಳಲಾರೆ. ಅದೂ ವರ್ಷಗಟ್ಲೆ ಓಡಾಡಿ. ಕೂತು ಮಾತಾಡೋದು ಒಳ್ಳೇದು" ಎಂದರು.

ಆ ಮೇಲೆ ಒಂದು ಗಂಟೆ ಹಗ್ಗಜಗ್ಗಾಟ. ಅಂಜಿನಯ್ಯ ಐವತ್ತು ಸಾವಿರಕ್ಕೆ ಹಿಡಿದರು, ಶಂಭುಲಿಂಗಪ್ಪ ಒಂದು ಲಕ್ಷದಿಂದ ಇಳಿಯಲಿಲ್ಲ. ಮೂರು ಸಲ ಅಂಜಿನಯ್ಯ ಎದ್ದು ಬಾಗಿಲವರೆಗೆ ಹೋಗಿ ಬಂದರು. ನೀಲಾಂಬಿಕಾಳಂತೂ ಕುರ್ಚಿಯನ್ನು ಮುಟ್ಟಲೇ ಇಲ್ಲ. ಕಡೆಗೆ ಶಂಭುಲಿಂಗಪ್ಪ ಹಿಡಿದಿಟ್ಟ ಹಣದಲ್ಲಿ ಎಂಬತ್ತು ಸಾವಿರ ಮುರಿದುಕೊಂಡು ಒಂದು ಲಕ್ಷ ಹತ್ತು ಸಾವಿರ ಕೊಡುವುದೆಂದು ಒಪ್ಪಂದವಾಯಿತು. ಹಳೆಯ ಛಾಪಾ ಕಾಗದದ ಮೇಲೆ ಅಡ್ಡ ಗೆರೆ ಬಿತ್ತು.

ಹೊರಗೆ ಬಂದು ಅಂಜಿನಯ್ಯ ಕೈಮುಗಿದರು. "ಮಿಷನ್ ಉಳಿಸಿದ್ರಿ ತಾಯಿ."

"ನಿಮ್ಮನ್ನ ಆ ಕುರ್ಚಿ ಮ್ಯಾಲೆ ಕೂಡಿಸಿದಾಕಿನೂ ನಾನೇ ಅಲ್ಲೇನ್ರೀ" ಎಂದಳು ಅವಳು. ಕೈಮುಗಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಶಶಿಕಲಾ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. "ನಾನು ಸೆಕ್ಷನ್ ತೆಗೆದು ಓದ್ಬೇಕಿತ್ತು ಮೇಡಂ. ಉತ್ತರ ನೋಡಿದೆ, ಮುಗೀತು ಅಂದ್ಕೊಂಡೆ."

"ಓದಬೇಕಿತ್ತು. ನಾನೂ ಓದಬೇಕಿತ್ತು."

ಮಾರನೆಯ ಬೆಳಿಗ್ಗೆ ವೆಂಕಟಗಿರಿ ಬರುವ ಮೊದಲೇ ನೀಲಾಂಬಿಕಾ ಅವನ ಕೋಣೆಯ ಮುಂದಿದ್ದಳು. ತಿದ್ದುಪಡಿ ಹೊರಡಿಸಿದರೆ ಸೆಂಟರಿನ ಮಾನ ಹೋಗುತ್ತದೆ ಎಂದು ಆತ ಗೊಣಗಿದ. ಅವಳು ಮಂಟಪದ ಕಥೆಯನ್ನು ಬಿಡಿಸಿ ಹೇಳಿದಳು. ಮಿಷನ್ ಮಾರುವ ಮಾತು ಬಂದಾಗ ಆತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನನಗೆ ಉದ್ದ ಮಾತ್ರ ಕಂಡಿತ್ತು ಕಣ್ರೀ" ಎಂದ. "ಈಗೇನು ಮಾಡೋಣ?"

"ಈ ಪ್ರಶ್ನೆ ರದ್ದು. ಇನ್ಮುಂದ ನಾಲ್ಕೂ ಆಯ್ಕೆ ಉದ್ದ ಮಾಡೂಣು. ಆಗ ಅಳತಿ ನೋಡಿ ಯಾರೂ ಟಿಕ್ ಹಾಕೂದಿಲ್ಲ."

ಪ್ರಶ್ನೆಯನ್ನು ರದ್ದು ಮಾಡಿ, ಕಾರಣ ಸಮೇತ ಎಲ್ಲರ ಮೊಬೈಲಿಗೂ ಸಂದೇಶ ಹೋಯಿತು. ನೀಲಾಂಬಿಕಾಗೆ ಅಷ್ಟು ಸಾಲಲಿಲ್ಲ. ಆ ವಾರವಿಡೀ ಬ್ಯಾಚಿನಿಂದ ಬ್ಯಾಚಿಗೆ, ಕೆಂಗೇರಿ ಉಪನಗರದ ಶಾಖೆಗೂ ಹೋಗಿ, ಹಲಗೆಯ ಮೇಲೆ ನಾಲ್ಕು ಆಯ್ಕೆ ಬರೆದು ಮೊದಲ ಮೂರರಲ್ಲಿ ಒಂದೊಂದೂ ಯಾಕೆ ಸುಳ್ಳು, ಯಾರನ್ನು ಕೆಡಿಸುತ್ತದೆ ಎಂದು ಹೇಳಿದಳು. ಎ ನಂಬಿದವನು ಕೊಡಬಾರದ್ದನ್ನು ಕೊಡುತ್ತಾನೆ, ಬಿ ನಂಬಿದವನು ಕೊಡಬೇಕಾದ್ದನ್ನು ಕೊಡದೆ ದಾವೆ ಸೋಲುತ್ತಾನೆ, ಸಿ ನಂಬಿದವನು ರಸೀದಿ ಇಲ್ಲದ ನೋವನ್ನೆಲ್ಲ ಬಿಟ್ಟುಬಿಡುತ್ತಾನೆ.

ಸಂದೇಶ ಓದಿದವರ ಪಟ್ಟಿಯಲ್ಲಿ ಹನ್ನೊಂದು ಮಂದಿಯ ಹೆಸರಿರಲಿಲ್ಲ. ಶನಿವಾರ ಮಧ್ಯಾಹ್ನ ಕಿಟಕಿಗೂ ಬಾಗಿಲಿಗೂ ನಡುವೆ ಓಡಾಡುತ್ತ ಅವಳು ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದಳು.