ಪೋಸ್ಟ್ ಹಾಕುವ ಮೊದಲು ಮೀನಿನ ಅಕ್ಕನಿಗೆ ಓದಿದ್ದು

ಊರಿಗೆಲ್ಲ ಸ್ಮಾರ್ಟ್‌ಫೋನ್ ಬಂದ ಆ ವರ್ಷಗಳಲ್ಲಿ ಮೈದುನ ಮುಂಬೈಯ ಹೋಟೆಲ್ ಕೆಲಸ ಬಿಟ್ಟು ಕುಂದಾಪುರದ ಮನೆಗೆ ಮರಳಿದ. ಬಂದವನು ಕಷಾಯದ ಪುಡಿ ಮಾರತೊಡಗಿದ. ಜೊತೆಗೆ ಮ್ಯೂಚುವಲ್ ಫಂಡಿನ ಏಜೆಂಟೂ ಆದ. ಮನೆಯ ಅರ್ಧ ಅನ್ನ ಅವನ ಪುಡಿಯಿಂದಲೇ ಬರುತ್ತಿತ್ತು. ನನ್ನ ಯಜಮಾನರು ಇನ್ನೂ ಮುಂಬೈಯಲ್ಲೇ ಇದ್ದರು. ಪುಡಿ ಹುರಿಯುವುದು, ಕುಟ್ಟುವುದು ನನ್ನ ಪಾಲಿನ ಕೆಲಸ. ನನ್ನ ಕನ್ನಡ ಚೆನ್ನಾಗಿದೆಯೆಂದು ಫೇಸ್‌ಬುಕ್ ಪುಟವನ್ನೂ ನನ್ನ ಫೋನಿನಲ್ಲೇ ತೆರೆದು, ಬರೆಯುವುದನ್ನೂ ನನಗೇ ಹಚ್ಚಿದ. ಆ ಮನೆಯಲ್ಲಿ ಹಚ್ಚಿದ ಕೆಲಸಕ್ಕೆ ಒಲ್ಲೆ ಎನ್ನುವ ರೂಢಿ ನನಗಿರಲಿಲ್ಲ.

ಒಂದು ಬೆಳಗ್ಗೆ ಅವನು ಹೇಳಿದ ಎರಡು ಪೋಸ್ಟುಗಳನ್ನು ಬರೆದುಕೊಂಡೆ. ‘ಈ ಪುಡಿ ಕುಡಿದರೆ ಸಕ್ಕರೆ ಕಾಯಿಲೆ ಬುಡಸಮೇತ ಮಾಯ, ಮಾತ್ರೆಗೆ ವಿದಾಯ’ ಎಂಬುದು ಒಂದು. ‘ನಮ್ಮ ಫಂಡಿನಲ್ಲಿ ಗ್ಯಾರಂಟಿ ಲಾಭ, ಬ್ಯಾಂಕಿಗಿಂತ ಭದ್ರ’ ಎಂಬುದು ಇನ್ನೊಂದು. ಹಾಕುವ ಮುಂಚೆ ಜೋರಾಗಿ ಓದಿ ನೋಡುವುದು ನನ್ನ ಅಭ್ಯಾಸ. ಮೆಟ್ಟಿಲ ಮೇಲೆ ಬೀಜಾಡಿಯಿಂದ ಮೀನು ತರುವ ಅಕ್ಕ ಕೂತು ಬಂಗುಡೆ ಕೊಯ್ದು ಕೊಡುತ್ತಿದ್ದಳು. ಅವಳಿಗೆ ಓದು ಬಾರದು. ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ.

ಓದಿ ಮುಗಿಸುವುದರೊಳಗೆ ಅವಳು ಕತ್ತಿ ಕೆಳಗಿಟ್ಟಳು. “ಅಮ್ಮ, ಹಾಂಗಾರ್ ನಾ ನಾಳಿಂದ ಮಾತ್ರಿ ಬಿಡ್ತೆ. ಅದ್ ತಿಂದ್ರೆ ಹೊಟ್ಟಿ ಉರಿತ್ತ್.”

“ಅಯ್ಯೋ, ಬಿಡುಕಾಗ ಅಕ್ಕ!”

“ನೀವೇ ಓದಿದ್ರಲೆ? ನೀವ್ ಸುಳ್ ಹೇಳ್ತ್ರಾ? ಮತ್ತೆ ಮಗ್ಳ್ ನರ್ಸಿಂಗ್ ಫೀಸಿಗ್ ಪೋಸ್ಟಾಫೀಸಲ್ ಇಟ್ಟದ್ ತೆಗ್ದ್ ನಿಮ್ ಮೈದ್ನನ್ ಕೈಗ್ ಕೊಡ್ಕಾ?”

ಮುಂದಿನ ವರ್ಷ ಕಟ್ಟಬೇಕಾದ ಫೀಸು ಅದು. ಪೋಸ್ಟ್ ಇನ್ನೂ ಫೋನಿನಲ್ಲೇ ಇತ್ತಲ್ಲ ಎಂದು ದೇವರಿಗೆ ಕೈಮುಗಿದೆ. “ಮಾತ್ರಿ ಬಿಡ್ಬೇಡ, ದುಡ್ಡೂ ತೆಗೀಬೇಡ. ಇದಿನ್ನೂ ಖರೆ ಅಂತ ಗೊತ್ತಾಯ್ಲ” ಎಂದು ಅವಳಿಂದ ಮಾತು ತೆಗೆದುಕೊಂಡೇ ಕಳಿಸಿದೆ.

ಮಧ್ಯಾಹ್ನ ಮೈದುನನನ್ನು ಕೇಳಿದೆ. “ತಮ್ಮ, ಕಾಯಿಲೆ ಮಾಯ ಆತ್ತ್ ಅಂದೇಳಿ ಯಾವ್ ಡಾಕ್ಟ್ರ್ ಹೇಳೀರ್?”

“ಎಂತ ಅತ್ಗಿ ನೀವ್! ಎಲ್ಲರೂ ಹಾಕ್ತ್ರ್. ಡಾಕ್ಟ್ರ್ ಕೇಂಡ್ ಯಾರ್ ಕಷಾಯ ಮಾರ್ತ್ರ್?”

“ಫಂಡಿನ್ ಗ್ಯಾರಂಟಿ ಎಲ್ ಬರ್ದಿತ್?”

ಕಂಪನಿಯ ಪುಸ್ತಿಕೆ ತಂದು ಎದುರಿಗೆಸೆದ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು: ಹೂಡಿಕೆ ಮಾರುಕಟ್ಟೆಯ ಅಪಾಯಕ್ಕೆ ಒಳಪಟ್ಟಿದೆ, ಲಾಭದ ಖಾತರಿ ಇಲ್ಲ. ಅವನು ಅಷ್ಟು ದೂರ ಓದಿರಲೇ ಇಲ್ಲ. ಪೇಟೆಯ ಮೆಡಿಕಲ್ ಅಂಗಡಿಯವರನ್ನು ಕೇಳಿದರೆ, ಸಕ್ಕರೆ ಕಾಯಿಲೆ ಗುಣ ಮಾಡುತ್ತೇವೆಂದು ಜಾಹೀರಾತು ಹಾಕುವುದೇ ಕಾನೂನಿಗೆ ವಿರುದ್ಧ ಅಂದರು.

ಆದರೆ ಮನೆಯೊಳಗೆ ಕಾನೂನು ಬೇರೆ. ಅತ್ತೆ ಅನ್ನದ ಮಾತೆತ್ತಿದರು. “ಉಂಬುಕ್ ಬೇಕ್, ಬರೆವುಕ್ ಆತಿಲ್ಯಾ?” ಮುಂಬೈಗೆ ಫೋನ್ ಮಾಡಿದರೆ ಯಜಮಾನರದೂ ಅದೇ ರಾಗ: “ಅವ್ನ್ ಹೇಳ್ದಾಂಗ್ ಬರ್ದ್ ಹಾಕ್, ನಿಂಗೆಂತಕ್ಕೆ?” ಬರೆದರೆ ಅಕ್ಕನಂಥವರು ಮಾತ್ರೆ ಬಿಡುತ್ತಾರೆ. ಬರೆಯದಿದ್ದರೆ ಒಲೆಯ ಮುಂದೆ ನಿಲ್ಲಲು ಮುಖವಿಲ್ಲ. ತವರಿಗೆ ಹೋಗೋಣವೆಂದರೆ ಅಲ್ಲಿ ಅಣ್ಣನ ಸಂಸಾರ. ಪುಡಿ ಹುರಿಯುವಾಗ ಬಾಣಲೆಯ ಹೊಗೆ ಕಣ್ಣಿಗೆ ಹೋಯಿತೆಂದು ಹೇಳಿಕೊಂಡು ಕಣ್ಣೀರಿಟ್ಟೆ.

ಕಡೆಗೆ ಬರೆಯುವುದಿಲ್ಲ ಎನ್ನಲಿಲ್ಲ, ಹೀಗೆ ಬರೆಯುತ್ತೇನೆ ಅಂದೆ. ಹೇಳುವ ಮಾತಿಗೆ ಆಧಾರ ಯಾವುದೆಂದು ಅವನು ತೋರಿಸಬೇಕು. ಆಧಾರವಿಲ್ಲದ ಸಾಲು ಹೊಡೆದುಹಾಕುವುದು. ಆಮೇಲೆ ಪುಡಿಯಿಂದಲೂ ಫಂಡಿನಿಂದಲೂ ಲಾಭವಿಲ್ಲದ ಒಬ್ಬರಿಗೆ ಓದಿ, ‘ಇದ್ ಕೇಂಡ್ ನೀವ್ ಎಂತ ಮಾಡ್ತ್ರಿ?’ ಎಂದು ಕೇಳುವುದು. ತಪ್ಪು ಕೆಲಸಕ್ಕೆ ಹೊರಟರೆ ಮತ್ತೆ ತಿದ್ದುವುದು. “ಪರೀಕ್ಷಿ ಮಾಡ್ತ್ರಾ ನನ್ನ? ಮಾಸ್ತರ್ಣಿ!” ಎಂದು ಮೈದುನ ಅಣಕಿಸಿದ. ಆದರೂ ಬೇರೆ ಬರೆಯುವವರು ಸಿಗುವ ತನಕ ಎಂದು ಒಪ್ಪಿಕೊಂಡ.

ಕೇಳಲು ಆರಿಸಿದ್ದು ಮೀನಿನ ಅಕ್ಕನನ್ನೇ. ‘ಜೀರಿಗೆ, ಕೊತ್ತಂಬರಿ, ಮೆಂತೆಯ ಕಷಾಯದ ಪುಡಿ. ಇದು ಔಷಧಿಯಲ್ಲ. ಮಾತ್ರೆ ನಿಲ್ಲಿಸಬೇಡಿ’ ಎಂದು ಓದಿದೆ. “ಎಂತ ಮಾಡ್ತಿ?” ಅಂದರೆ, “ಚಾಯದ್ ಬದ್ಲ್ ಕುಡಿತೆ. ಮಾತ್ರಿ ತಿಂಬ್ದ್ ತಿಂಬ್ದೇ” ಎಂದಳು. ಪುಸ್ತಿಕೆಯ ಕೊನೆಯ ಸಾಲನ್ನೂ ಸೇರಿಸಿ ಬರೆದ ಫಂಡಿನ ಪೋಸ್ಟಿಗೆ, “ಹೆಚ್ಚೂ ಆತ್ತ್, ಕಮ್ಮಿಯೂ ಆತ್ತ್ ಅಂದ್ರೆ ಮಗ್ಳ್ ಫೀಸ್ ಅಲ್ ಹಾಕುದಿಲ್ಲೆ” ಎಂದಳು. ಎರಡನ್ನೂ ಹಾಕಿದೆ.

ಆರ್ಡರು ಇಳಿಯಿತು. ಮೈದುನ ಊಟಕ್ಕೆ ಕೂತರೆ ನನ್ನ ಕಡೆ ನೋಡುತ್ತಿರಲಿಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದ, ಅಷ್ಟು ಸಾಕೆಂದುಕೊಂಡೆ. ಒಂದು ದಿನ ಬಾಗಿಲಲ್ಲಿ ನಿಂತು ಕೈ ಚಾಚಿದ. “ಪಾಸ್‌ವರ್ಡ್ ಕೊಡಿ ಅತ್ಗಿ. ನಾನೇ ಬರಿತೆ.”

ನನ್ನ ಕೈಯಲ್ಲಿ ಹಿಟ್ಟಿತ್ತು. ಹೊರಗೆ ಅಕ್ಕ ಬುಟ್ಟಿ ಇಳಿಸುತ್ತಿದ್ದಳು. “ಕೊಡ್ತೆ ತಮ್ಮ. ಬರ್ದದ್ದನ್ನ್ ಮೊದ್ಲ್ ನೀನೇ ಅವ್ಳಿಗ್ ಓದಿ ಹೇಳ್. ಮಾತ್ರಿ ಬಿಡ್ತೆ ಅಂದ್ರೆ, ಅವ್ಳ್ ಮುಖ ಕಂಡ್‌ಕಂಡೇ ಹಾಕ್.”

ಅವನು ಮೆಟ್ಟಿಲ ತನಕ ಹೋದ, ಫೋನ್ ತೆಗೆದ, ಗಂಟಲು ಸರಿಮಾಡಿಕೊಂಡ. ಓದಲಿಲ್ಲ. ಫೋನ್ ಕಿಸೆಗೆ ಹಾಕಿಕೊಂಡು ಗೇಟು ದಾಟಿದ. ಪಾಸ್‌ವರ್ಡ್ ಮತ್ತೆ ಕೇಳಲಿಲ್ಲ, ನನ್ನೊಡನೆ ಮಾತೂ ಆಡಲಿಲ್ಲ. ಮರುದಿನ ಹುರಿಯಬೇಕಾದ ಮೆಂತೆಯ ಚೀಲವನ್ನು ಅತ್ತೆಯ ಕೈಯಲ್ಲಿ ಕಳಿಸಿದ.